ಇತರ ತಾತ್ಕಾಲಿಕ ವ್ಯವಸ್ಥೆ

ಲಾಂಡ್ರಿಯ ಬೀಮಿನಿಂದ ಕಾಂಕ್ರೀಟಿನ ಚಕ್ಕೆ ಬಿದ್ದದ್ದು ಯಾರದೋ ಹೊಸ ಕೋಟಿನ ಮೇಲೆ. ತಲೆಯ ಮೇಲೆ ಬಿದ್ದಿದ್ದರೆ ಲಾಂಡ್ರಿ ನಡೆಸುವ ದೊಡ್ಡಮ್ಮ ಅಷ್ಟು ಕೂಗಾಡುತ್ತಿರಲಿಲ್ಲವೇನೋ. ತಲೆ ತನ್ನದು, ಕೋಟು ಗಿರಾಕಿಯದು.

ಬೀಮಿನ ಹೊಟ್ಟೆ ಬಿರಿದು ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿತ್ತು. ವರ್ಷಗಟ್ಟಲೆ ಇಸ್ತ್ರಿಯ ಹಬೆಯನ್ನು ಅದು ಕುಡಿದಿತ್ತು. ಅದರ ಮೇಲೆ ಮಹಡಿಯ ನಡುಗೋಡೆ, ಗೋಡೆಯ ಪಕ್ಕದಲ್ಲೇ ಅಜ್ಜಿಯ, ಎಂದರೆ ದೊಡ್ಡಮ್ಮನ ತಾಯಿಯ, ಮಂಚ. ಸೊಂಟ ಮುರಿದ ಮೇಲೆ ಅಜ್ಜಿ ಆ ಮಂಚ ಬಿಟ್ಟು ಇಳಿದದ್ದೇ ಕಡಿಮೆ.

ರಿಪೇರಿಗೆ ಇಬ್ಬರು ಕಂಟ್ರಾಕ್ಟರರು ಕೊಟೇಶನ್ ಕೊಟ್ಟರು. ಒಬ್ಬ ಮಾತಿಗೆ ಮುಂಚೆ ನಗುವವನು, ಇನ್ನೊಬ್ಬ ನಮಸ್ಕಾರಕ್ಕೂ ಸಿಡುಕುವವನು. ದೊಡ್ಡಮ್ಮ ಇಬ್ಬರಿಗೂ ಹೆಸರಿಟ್ಟುಬಿಟ್ಟಿದ್ದಳು: ನಗುಮುಖ, ಸಿಡುಕಪ್ಪ. ಎರಡು ಕೊಟೇಶನ್ನೂ ಇಂಗ್ಲಿಷಿನಲ್ಲಿದ್ದವು. ದೊಡ್ಡಮ್ಮನಿಗೆ ಅಂಕಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಅವಳ ತಂಗಿಯ ಮಗಳು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ, ಕರಾರುಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸದಲ್ಲಿದ್ದಳು.

"ಬಾರೇ ಪಂಡಿತೆ," ಅಂದಳು ದೊಡ್ಡಮ್ಮ. "ಎರಡನ್ನೂ ಅಕ್ಕಪಕ್ಕ ಬರಿ. ಇವನ ಯಾವ ಕೆಲಸಕ್ಕೆ ಅವನ ಯಾವ ಕೆಲಸ ಅಂತ ನನಗೆ ಕಣ್ಣಿಗೆ ರಾಚುವ ಹಾಗೆ ಕಾಣಬೇಕು. ಅರ್ಥವಾಗದ ಸಾಲಿಗೆ ನಾನು ಒಪ್ಪೋದಿಲ್ಲ."

ಹುಡುಗಿ ಬರೆದಳು. ಸಡಿಲ ಕಾಂಕ್ರೀಟು ಒಡೆದು ತೆಗೆಯುವುದು, ಕಬ್ಬಿಣದ ತುಕ್ಕು ಕೆರೆಯುವುದು, ತುಕ್ಕು ತಡೆಯುವ ಬಣ್ಣ, ಹೊಸ ಗಾರೆ, ಅವಶೇಷ ಸಾಗಿಸುವುದು. ನಗುಮುಖನ ಪಟ್ಟಿಯ ನಡುವೆ 'ಪ್ರಾಪಿಂಗ್' ಅಂತ ಒಂದು ಸಾಲು ಬಂತು. ಎಷ್ಟು ಅಡಿ, ಎಷ್ಟು ದಿನ ಅಂತ ಏನೂ ಇಲ್ಲದೆ ಒಟ್ಟು ಮೊತ್ತ ಮಾತ್ರ. ಅದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಫೋನು ಮಾಡಿ ಕೇಳಬಹುದಿತ್ತು. ಪಂಡಿತೆ ಅಂತ ಕರೆಸಿಕೊಂಡವಳು ಕಂಟ್ರಾಕ್ಟರನ ಎದುರು ದಡ್ಡಿಯಾಗುವುದು ಹೇಗೆ? ಸರ್ಕಾರಿ ಅರ್ಜಿಗಳಲ್ಲಿ ಕೈ ಪಳಗಿದ್ದರಿಂದ 'ಇತರ ತಾತ್ಕಾಲಿಕ ವ್ಯವಸ್ಥೆ' ಎಂದು ಬರೆದಳು. ನೋಡುವುದಕ್ಕೆ ಗಂಭೀರವಾಗಿಯೇ ಇತ್ತು. ಸಿಡುಕಪ್ಪನ ಪಟ್ಟಿಯಲ್ಲಿ ಅದೇ ಪದ ಗಾರೆಯ ದರದೊಳಗೆ ಸೇರಿಕೊಂಡಿತ್ತು. ಅಲ್ಲಿ 'ಎಲ್ಲ ಸೇರಿ' ಅಂತ ಮುಗಿಸಿದಳು.

ದೊಡ್ಡಮ್ಮ ಕನ್ನಡಕ ಮೂಗಿನ ತುದಿಗಿಳಿಸಿ ಓದಿದಳು. ನಗುಮುಖನನ್ನು ಕೌಂಟರಿನೆದುರು ನಿಲ್ಲಿಸಿಕೊಂಡು ವಿಚಾರಣೆ ನಡೆಸಿದಳು.

"ಅವಶೇಷ ಸಾಗಿಸೋದು ಅಂತ ಒಂದು ಸಾಲು, ಸ್ಥಳ ಶುಚಿ ಮಾಡೋದು ಅಂತ ಇನ್ನೊಂದು. ಕಸ ಒಂದೇ ಅಲ್ವೇನಪ್ಪಾ? ಅದಕ್ಕೇನು ಎರಡು ಸಲ ಮೆರವಣಿಗೆ?"

"ಒಂದು ತೆಗೀತೀನಿ ಬಿಡಿ ಅಕ್ಕಾ," ನಕ್ಕ ಅವನು.

"ಇದೇನಿದು, ಇತರ ತಾತ್ಕಾಲಿಕ ವ್ಯವಸ್ಥೆ? ಚಹಾ ಕಾಯಿಸೋದಾ? ಅವನ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ."

ನಗುಮುಖ ಕನ್ನಡದ ಹಾಳೆಯನ್ನು ನೋಡಿದ, ಆಮೇಲೆ ತನ್ನದನ್ನು ನೋಡಿದ. ಅದು ಪ್ರಾಪಿಂಗ್‌ನ ಸಾಲೆಂದು ಅವನಿಗೆ ಗೊತ್ತಾಯಿತು. ಹೇಳಿದರೆ ಕೆಲಸ ಸಿಡುಕಪ್ಪನ ಪಾಲಾಗುತ್ತದೋ ಏನೋ ಎಂಬ ಲೆಕ್ಕ ಅವನ ಮುಖದ ಮೇಲೆ ಹಾದುಹೋಯಿತು. "ನೀವು ಬೇಡ ಅಂದ್ರೆ ಬೇಡ ಅಕ್ಕಾ. ನಾವು ಸುಧಾರಿಸ್ಕೋತೀವಿ."

ದೊಡ್ಡಮ್ಮ ಗೆದ್ದವಳಂತೆ ಆ ಸಾಲಿನ ಮೇಲೆ ಗೀಟೆಳೆದಳು. ಪಕ್ಕದಲ್ಲೇ ನಿಂತಿದ್ದ ಹುಡುಗಿ ಹಾಳೆಯನ್ನು ಮಡಿಸಿ ಎತ್ತಿಟ್ಟಳು.

ನಗುಮುಖ ಕೆಲಸ ಶುರುಮಾಡಿದ ಬೆಳಗ್ಗೆ ಹುಡುಗಿ ಮಹಡಿಯಲ್ಲಿ ಅಜ್ಜಿಗೆ ಗಂಜಿ ಕುಡಿಸುತ್ತಿದ್ದಳು. ಕೆಳಗೆ ಒಡೆಯುವ ಯಂತ್ರ ಗುಡುಗುತ್ತಿತ್ತು. ಧೂಳು ಬರಬಾರದೆಂದು ಕೋಣೆಯ ಬಾಗಿಲು ಮುಚ್ಚಿದ್ದಳು. ನೆಲ ಅಂಗಾಲಿಗೆ ಕಚಗುಳಿ ಇಟ್ಟ ಹಾಗೆ ನಡುಗುತ್ತಿತ್ತು.

"ಯಾರೇ ಅದು, ನನ್ನ ಮಂಚದ ಕೆಳಗೆ ಹಿಟ್ಟು ಬೀಸ್ತಿರೋದು?" ಅಂದಳು ಅಜ್ಜಿ.

"ಬೀಮು ರಿಪೇರಿ ಅಜ್ಜಿ. ಕುಡಿ."

"ರಿಪೇರಿನೋ, ನನ್ನನ್ನ ಕೆಳಗಿಳಿಸೋ ಉಪಾಯನೋ?"

ಹುಡುಗಿ ನಗುತ್ತ ಬಟ್ಟಲು ತೊಳೆಯಲು ಎದ್ದು ಬಾಗಿಲು ಎಳೆದಳು. ಬರಲಿಲ್ಲ. ಚಿಲಕ ಬಿಡಿಸಿಯೇ ಇತ್ತು. ಎರಡೂ ಕೈಯಲ್ಲಿ ಎಳೆದಳು. ಕೆಳಗೆ ಸಡಿಲವಾಗಿದ್ದ ಬಾಗಿಲು ಮೇಲ್ತುದಿಯಲ್ಲಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಕತ್ತೆತ್ತಿದರೆ ಚೌಕಟ್ಟಿನ ಮೂಲೆಯಿಂದ ಗೋಡೆಯ ಮೇಲೆ ಓರೆಯಾಗಿ ಒಂದು ಗೆರೆ. ಬೆಳಗ್ಗೆ ಅದು ಇರಲಿಲ್ಲ. ಅವಳು ನೋಡುತ್ತಿದ್ದ ಹಾಗೆಯೇ ಗೆರೆಯಿಂದ ಸುಣ್ಣದ ಪುಡಿ ಉದುರಿತು.

ಮನೆ ಕೂತಿದೆ. ಬಾಗಿಲು ಬದಲಾಗಿಲ್ಲ, ಅದರ ಸುತ್ತಲಿನ ಮನೆ ಜಗ್ಗಿದೆ.

ದೊಡ್ಡಮ್ಮನಿಗೆ ಫೋನು ಮಾಡಿದಳು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಸಿಡುಕಪ್ಪನ ನಂಬರು ಅವಳ ಫೋನಿನಲ್ಲಿತ್ತು.

"ಏನು?" ಅಂದ ಅವನು.

"ಸಾರ್, ಲಾಂಡ್ರಿ ಮನೆಯಿಂದ. ಪ್ರಾಪಿಂಗ್ ಅಂದ್ರೆ ಏನು ಸಾರ್?"

"ಕೆಲಸ ಬೇರೆಯವನಿಗೆ ಕೊಟ್ಟು ಪಾಠ ನನ್ನ ಹತ್ರ ಹೇಳಿಸ್ಕೋತೀರಾ? ಬೀಮು ಒಡೆಯೋ ಮುಂಚೆ ಅದರ ಭಾರ ಹೊರೋಕೆ ಕೆಳಗಡೆ ಕೊಡೋ ಕಬ್ಬಿಣದ ಊರುಗೋಲು ಅದು. ತಿರುಪು ಇರುತ್ತೆ, ತಿರುಗಿಸಿ ಬಿಗಿ ಮಾಡ್ತೀವಿ. ಯಾಕೆ, ಅವನು ಹಾಕಿಲ್ವಾ?"

"ಹಾಕಿಲ್ಲ. ಯಂತ್ರ ಓಡ್ತಾ ಇದೆ. ಮೇಲಿನ ಬಾಗಿಲು ಕಚ್ಕೊಂಡಿದೆ ಸಾರ್, ನಾನೂ ಅಜ್ಜಿನೂ ಒಳಗಿದ್ದೀವಿ."

ಆ ಕಡೆ ಸಿಡುಕು ನಿಂತಿತು. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. "ಮೊದಲು ಯಂತ್ರ ನಿಲ್ಲಿಸಮ್ಮಾ. ಬಾಗಿಲಿಗೆ ಒದೆಯಬೇಡ, ಗುದ್ದಬೇಡ. ಅಜ್ಜಿನ ಆ ನಡುಗೋಡೆಯಿಂದ ದೂರ, ಬೀದಿ ಕಡೆ ಮೂಲೆಗೆ ಎಳ್ಕೋ. ಊರುಗೋಲು ಬಿಗಿಯಾಗೋವರೆಗೂ ಅಲ್ಲೇ ಇರಿ. ನಾನು ಬರ್ತೀನಿ."

ಅವಳು ಕಿಟಕಿಯ ಸರಳು ಹಿಡಿದು ಕೂಗಿದಳು. ದೊಡ್ಡಮ್ಮ ಬೀದಿಯಲ್ಲಿ ಗಿರಾಕಿಯೊಬ್ಬನಿಗೆ ಗಂಟು ಕಟ್ಟಿಕೊಡುತ್ತಿದ್ದಳು. ಕತ್ತೆತ್ತಲಿಲ್ಲ. ಹುಡುಗಿ ಕೆಳಗಿಟ್ಟಿದ್ದ ಗಂಜಿಯ ಬಟ್ಟಲನ್ನೇ ಎತ್ತಿ ಸರಳಿನ ಸಂದಿಯಿಂದ ಎಸೆದಳು. ಅದು ಠಣ್ಣೆಂದು ಗಿರಾಕಿಯ ಕಾಲ ಬಳಿ ಬಿತ್ತು.

"ಏನೇ, ಬುದ್ಧಿ ನೆಟ್ಟಗಿದೆಯಾ?"

"ಯಂತ್ರ ನಿಲ್ಸು ದೊಡ್ಡಮ್ಮಾ! ಬಾಗಿಲು ತೆಗೆಯೋಕಾಗ್ತಿಲ್ಲ, ಗೋಡೆ ಬಿರುಕು ಬಿಡ್ತಿದೆ!"

ನಗುಮುಖ ಹೊರಗೆ ಬಂದ. ನಗುತ್ತಲೇ ಇದ್ದ. "ತೇವಕ್ಕೆ ಮರ ಉಬ್ಬಿರುತ್ತೆ ಅಕ್ಕಾ. ಹುಡುಗಿ ಹೆದರ್ಕೊಂಡಿದೆ."

ದೊಡ್ಡಮ್ಮ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಕಿಟಕಿಯನ್ನು. ಯಂತ್ರ ಇನ್ನೂ ಗುಡುಗುತ್ತಿತ್ತು. ಮರ ಉಬ್ಬುವುದೂ ಸುಳ್ಳಲ್ಲ. ಹುಡುಗಿ ಹೇಳಲೇಬೇಕಾದ ಮಾತೊಂದಿತ್ತು. ಬೀದಿಯಲ್ಲಿ ಜನ ನಿಂತಿದ್ದರು. ಜೆರಾಕ್ಸ್ ಅಂಗಡಿಯ ಗಿರಾಕಿಗಳೂ ಇದ್ದರು.

"ನೀನು ಗೀಟು ಹಾಕಿದ ಸಾಲು, ಅದು ಬೀಮಿಗೆ ಕೊಡೋ ಊರುಗೋಲು! ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಹೇಳ್ಲಿಲ್ಲ, ಏನೋ ಒಂದು ಬರೆದುಬಿಟ್ಟೆ! ಇವರಿಗೆ ಗೊತ್ತಿತ್ತು!"

ನಗುಮುಖನ ನಗು ಹಾಗೇ ಇತ್ತು, ಕಣ್ಣು ಮಾತ್ರ ಕೆಳಗಿಳಿಯಿತು. ದೊಡ್ಡಮ್ಮನಿಗೆ ಅಷ್ಟು ಸಾಕಾಯಿತು. ಒಳಗೆ ಹೋಗಿ ಪ್ಲಗ್ಗು ಕಿತ್ತಳು. ಯಂತ್ರ ನಿಂತಿತು.

ಗದ್ದಲಕ್ಕಿಂತ ನಿಶ್ಶಬ್ದ ಕೆಟ್ಟದಾಗಿತ್ತು. ಈಗ ಮನೆಯ ಒಂದೊಂದು ಸದ್ದೂ ಕೇಳುತ್ತಿತ್ತು. ಎಲ್ಲೋ ಗೋಡೆಯೊಳಗೆ ಲಟಕ್ ಅಂದಿತು. ಹುಡುಗಿ ಹಾಸಿಗೆಯ ತುದಿ ಹಿಡಿದು ಅಜ್ಜಿಯನ್ನು ಮಂಚದಿಂದ ನೆಲಕ್ಕೆ ಜಾರಿಸಿದಳು. ಅಜ್ಜಿ ನೋವಿಗೆ ಹಲ್ಲು ಕಚ್ಚಿದಳು. ಬೀದಿ ಕಡೆಯ ಮೂಲೆಗೆ ಎಳೆದು, ಹೆಜ್ಜೆ ಇಡುವುದಕ್ಕೂ ಅಂಜುತ್ತ ಪಕ್ಕದಲ್ಲಿ ಕೂತಳು.

"ನಿನ್ನ ಕೈ ಯಾಕೆ ಹೀಗೆ ನಡುಗ್ತಿದೆ?"

"ಏನಿಲ್ಲ ಅಜ್ಜಿ."

"ನೆಲದ್ದು ನಿಂತ್ಮೇಲೆ ನಿನ್ನದು ಶುರುವಾಯ್ತಾ?"

ಕೆಳಗೆ ನಗುಮುಖ ಯಾರಿಗೋ ಫೋನಿನಲ್ಲಿ ಕಿರುಚುತ್ತಿದ್ದ. ಊರುಗೋಲುಗಳು ಅವನ ಇನ್ನೊಂದು ಕೆಲಸದ ಜಾಗದಲ್ಲಿದ್ದವು. ಬರುವವರೆಗೆ ಮಾಡುವುದೇನೂ ಇರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದು. ಬಾಗಿಲಾಚೆ ದೊಡ್ಡಮ್ಮನ ಏದುಸಿರು.

"ನೀನು ಬರಬೇಡ ದೊಡ್ಡಮ್ಮಾ, ಕೆಳಗೆ ಹೋಗು."

"ಬಾಯ್ಮುಚ್ಚು. ನನ್ನ ಅಮ್ಮ ಒಳಗಿದ್ದಾಳೆ." ಅವಳು ಮೆಟ್ಟಿಲ ಮೇಲೆ ಕೂತ ಸದ್ದಾಯಿತು. ಆಮೇಲೆ, "ಇನ್ನೆಷ್ಟು ಸಾಲು ಹೀಗೆ ಬರೆದಿದ್ದೀ?"

"ಇನ್ನೊಂದಿದೆ. ರಾಸಾಯನಿಕ ಸಂಸ್ಕರಣೆ ಅಂತ."

"ಅದೇನು?"

"ಗೊತ್ತಿಲ್ಲ." ಈ ಸಲ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೆ ಅಳು ಬಂತು. "ಬಾಂಡಿಂಗ್ ಕೋಟ್ ಅಂತ ಇತ್ತು."

ದೊಡ್ಡಮ್ಮ ಮೆಟ್ಟಿಲ ಬುಡಕ್ಕೆ ಕೂಗಿದಳು. "ಏಯ್, ಬಾಂಡಿಂಗ್ ಕೋಟ್ ಅಂದ್ರೇನೋ?"

"ಅಂಟು ಅಕ್ಕಾ," ಕೆಳಗಿನಿಂದ ದನಿ ಬಂತು, ನಗುವಿಲ್ಲದ ದನಿ. "ಹಳೇ ಕಾಂಕ್ರೀಟಿಗೆ ಹೊಸ ಗಾರೆ ಹಿಡಿಯೋಕೆ ಹಚ್ಚೋದು. ಹಚ್ಚದಿದ್ರೆ ಉದುರುತ್ತೆ."

"ಅದನ್ನೂ ಬಿಟ್ಟು ಸುಧಾರಿಸ್ಕೋತಿದ್ದೆಯಾ?"

ಕೆಳಗೆ ನಗುಮುಖ ಮತ್ತೆ ಫೋನಿನಲ್ಲಿ ಗಾಡಿ ಬೇಗ ಕಳಿಸುವಂತೆ ಕಿರುಚತೊಡಗಿದ.

ಊರುಗೋಲುಗಳ ಗಾಡಿ ಬರುವಷ್ಟರಲ್ಲಿ ಸಿಡುಕಪ್ಪನೂ ಬಂದಿದ್ದ. ಹಲಗೆ ಹಾಸಿ ನಿಲ್ಲಿಸಿ ತಿರುಪು ತಿರುಗಿಸುತ್ತಿದ್ದ ಸದ್ದು ನೆಲದ ಮೂಲಕ ಅವಳ ಬೆನ್ನುಮೂಳೆಗೆ ಬಂತು. ಒಂದೊಂದು ಸುತ್ತಿಗೂ ಎಲ್ಲೋ ಕಿರ್ರೆನ್ನುತ್ತಿತ್ತು. ಅವಳು ಅಜ್ಜಿಯ ತಲೆಯ ಮೇಲೆ ಬಾಗಿ, ಬಿದ್ದರೆ ಮೊದಲು ತನ್ನ ಬೆನ್ನಿಗೆ ಬೀಳಲಿ ಎಂಬಂತೆ ಕೂತಳು. ಅದು ಧೈರ್ಯವಾಗಿರಲಿಲ್ಲ. ಬೇರೆ ಹೇಗೆ ಕೂರಬೇಕೆಂದು ಅವಳಿಗೆ ತೋಚಲಿಲ್ಲ.

"ಸಾಕು, ಬಿಗಿಯಾಯ್ತು," ಅಂದ ಸಿಡುಕಪ್ಪ. "ಈಗ ಬಾಗಿಲ ಕೀಲು ಬಿಚ್ಚಿ. ಬಡೀಬೇಡಿ."

ಕೀಲುಗಳು ಒಳಬದಿಗಿದ್ದವು. ಸ್ಕ್ರೂಡ್ರೈವರನ್ನು ಬಾಗಿಲ ಅಡಿಯ ಸಂದಿಯಿಂದ ತಳ್ಳಿದರು. ಹುಡುಗಿ ತಿರುಪುಗಳನ್ನು ಬಿಚ್ಚತೊಡಗಿದಳು; ತುದಿ ಮತ್ತೆ ಮತ್ತೆ ಜಾರಿತು. ಕೊನೆಗೆ ಬಾಗಿಲು ಕೀಲಿನ ಬದಿಯಿಂದ ಒಳಕ್ಕೆ ವಾಲಿತು. ಇಬ್ಬರು ಕೆಲಸಗಾರರು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಮೆಟ್ಟಿಲಲ್ಲಿ ಅಜ್ಜಿ ಯಾರ ಕುತ್ತಿಗೆಯನ್ನು ಹಿಡಿದಿದ್ದಳೋ ಅವನಿಗೆ ಉಸಿರು ಬಿಡಲೂ ಬಿಡಲಿಲ್ಲ.

ಬೀದಿಯಲ್ಲಿ ದೊಡ್ಡಮ್ಮ ಹುಡುಗಿಯ ಕಡೆ ತಿರುಗಿದಳು. ಹೊಡೆಯುತ್ತಾಳೆ ಎಂದುಕೊಂಡು ಹುಡುಗಿ ಮುಖ ತಗ್ಗಿಸಿದಳು. ದೊಡ್ಡಮ್ಮ ಹೊಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ಪೆನ್ನು ತಗೋ," ಅಂದಳು. "ಇಬ್ಬರೂ ಇಲ್ಲೇ ಇದ್ದಾರೆ. ಮೊದಲಿಂದ ಕೇಳು. ನಿನಗೆ ಅರ್ಥ ಆಗೋವರೆಗೂ ನನಗೆ ಓದಿ ಹೇಳ್ಬೇಡ."

ಹುಡುಗಿ ತೆರೆದ ಬಾಗಿಲಿನಿಂದ ಲಾಂಡ್ರಿಯೊಳಗೆ ನೋಡಿದಳು. ಸಾಲಾಗಿ ನಿಂತ ಕಬ್ಬಿಣದ ಕೋಲುಗಳ ಮೇಲೆ ಬೀಮು ಅರ್ಧ ತಿಂದುಹಾಕಿದಂತಿತ್ತು, ತುಕ್ಕಿನ ಸರಳುಗಳು ಬೆತ್ತಲಾಗಿ ಕಾಣುತ್ತಿದ್ದವು. ಹೊಸ್ತಿಲ ಹೊರಗೇ ನಿಂತು ಹಾಳೆಯ ಮೊದಲ ಸಾಲಿಗೆ ಬೆರಳಿಟ್ಟು, "ಸಡಿಲ ಕಾಂಕ್ರೀಟು ಅಂದ್ರೆ ಎಲ್ಲೀವರೆಗೆ ಸಡಿಲ?" ಎಂದು ಕೇಳಿದಳು.