ನಲವತ್ತು ವಿಡಿಯೋಗಳ ಕೆಳಗಿನ ಸಾಲು

ಶೆಟ್ಟಿಹಳ್ಳಿಯ ಮನೆಯ ಹಾಲಿನಲ್ಲಿ ಶಿಲ್ಪಾ ಮೇಡಂ ವ್ಯಾಯಾಮ ಮಾಡಿದರೆ, ಭೂಮಿಕಾ ಅದನ್ನು ಮೊಬೈಲಿನಲ್ಲಿ ಹಿಡಿದು, ಕೆಳಗೆ ವಿವರಣೆ ಬರೆದು ಚಾನೆಲ್ಲಿಗೆ ಹಾಕುತ್ತಿದ್ದಳು. ಪ್ರತಿ ಸಲವೂ ಹಳೇ ವಿವರಣೆಯನ್ನೇ ಕಾಪಿ ಮಾಡಿ ವ್ಯಾಯಾಮದ ಹೆಸರಷ್ಟೇ ಬದಲಿಸುವುದು ಅವಳ ರೂಢಿ. ಹಾಗಾಗಿ "ಹದಿನೈದು ದಿನದಲ್ಲಿ ಶುಗರ್ ಮಾಯ, ಮಾತ್ರೆ ಬೇಕಿಲ್ಲ" ಎಂಬ ಮೇಡಂನ ಸಾಲು ನಲವತ್ತು ವಿಡಿಯೋಗಳ ಕೆಳಗೆ ಕೂತಿತ್ತು.

ಆಮೇಲೊಂದು ದಿನ, ತಪ್ಪು ವೈದ್ಯಕೀಯ ಮಾಹಿತಿಯೆಂದು ಆ್ಯಪಿನವರು ಒಂದು ವಿಡಿಯೋ ತೆಗೆದುಹಾಕಿ ಎಚ್ಚರಿಕೆ ಕೊಟ್ಟರು. ಭೂಮಿಕಾ ಹೊಸ ವಿಡಿಯೋಗಳಿಗೆ ಆ ಸಾಲು ಹಾಕುವುದನ್ನು ನಿಲ್ಲಿಸಿದಳು. ಹಳೆಯವನ್ನೂ ತಿದ್ದಲಾ ಎಂದು ಕೇಳಿದಾಗ ಮೇಡಂ, "ಬಿಡೇ, ಅವನ್ಯಾರು ನೋಡ್ತಾರೆ" ಅಂದರು. ಅವಳೂ ತಿದ್ದಲಿಲ್ಲ.

ನೋಡಿದ್ದು ಗುಬ್ಬಿಯಲ್ಲಿದ್ದ ಅವಳ ಸೋದರತ್ತೆ ಸರ್ವಮಂಗಳ. ಇವತ್ತು ತುಮಕೂರಿನ ಆಸ್ಪತ್ರೆಯಲ್ಲಿ ಅತ್ತೆಯ ಕೊಳೆತ ಕಾಲ್ಬೆರಳು ತೆಗೆದಿದ್ದರು.

"ಮಾತ್ರೆ ಯಾಕತ್ತೆ ಬಿಟ್ರಿ?"

"ನೀನೇ ಬರೆಯೋದಲ್ವೇನೇ? ನಮ್ಮುಡುಗಿ ಸುಳ್ಳು ಬರೀತಾಳಾ ಅಂತ ಬುಟ್ಟೆ ಕಣೇ."

ಅತ್ತೆಯ ದನಿಯಲ್ಲಿ ಕೋಪವಿರಲಿಲ್ಲ.

ಭೂಮಿಕಾ ಹೊರಗಿನ ಬೆಂಚಿನಲ್ಲಿ ಕೂತು, ಮೇಡಂನ ಕೇಳದೆ, ಒಂದೊಂದೇ ವಿವರಣೆ ಅಳಿಸಿ ಬರೆದಳು: "ಹೊಸಬರಿಗೆ ಇಪ್ಪತ್ತು ನಿಮಿಷದ ವ್ಯಾಯಾಮ. ಒಂದು ಕುರ್ಚಿ ಬೇಕು. ನೋವಾದರೆ, ತಲೆ ಸುತ್ತಿದರೆ ನಿಲ್ಲಿಸಿ. ಇದು ಚಿಕಿತ್ಸೆಯಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ."

ಮೇಡಂ ಎರಡು ಸಲ ಫೋನ್ ಮಾಡಿದರು. ಅವಳು ಎತ್ತಲಿಲ್ಲ.

ಹನ್ನೊಂದನೇ ವಿಡಿಯೋದ ಕೆಳಗೆ ಅತ್ತೆಯ ಕಾಮೆಂಟ್ ಇತ್ತು: "ಮಾತ್ರೆ ಬಿಟ್ಟು ತಿಂಗಳಾಯ್ತು, ಮೇಡಂಗೆ ಥ್ಯಾಂಕ್ಸ್." ಅದರ ಪಕ್ಕದಲ್ಲಿ ಚಾನೆಲ್ಲಿನವರು ಮೆಚ್ಚಿದ ಗುರುತಿನ ಕೆಂಪು ಹೃದಯವಿತ್ತು. ಯಾವ ಕಾಮೆಂಟನ್ನೂ ಓದದೆ, ಎಲ್ಲಕ್ಕೂ ಅದನ್ನು ಒತ್ತುತ್ತಿದ್ದವಳು ಭೂಮಿಕಾನೇ.