ಕೈ ಎತ್ತದವರು ಬೇಕು

ತರಬೇತಿ ಹಾಲ್‌ನಲ್ಲಿ ನೇಮಕಾತಿ ಏಜೆನ್ಸಿಯ ಹೆಂಗಸು ಎಲ್ಲವನ್ನೂ ಬಿಡಿಸಿ ಹೇಳಿದಳು.

"ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕಾವಲುಗಾರರು ಬೇಕು. ಹತ್ತನೇ ತರಗತಿ ಪಾಸಾಗಿರಬೇಕು, ಎರಡು ವರ್ಷ ಅನುಭವ ಇರಬೇಕು. ಸಂಬಳ ಹದಿನೆಂಟರಿಂದ ಇಪ್ಪತ್ತೆರಡು ಸಾವಿರ, ಅನುಭವ ನೋಡಿ ಅದರೊಳಗೇ. ಜಾಗ ನದಿ ಆಚೆಯ ಹೊಸ ಕಟ್ಟಡ, ಬೇರೆ ಕಡೆ ಹಾಕಲ್ಲ. ಮೊದಲು ದಾಖಲೆ, ಆಮೇಲೆ ಕೆಣಕು ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ, ಕೊನೆಗೆ ಪೊಲೀಸ್ ಪರಿಶೀಲನೆ. ಕೆಣಕು ಪರೀಕ್ಷೆಯಲ್ಲಿ ತರಬೇತುದಾರರು ಬೈತಾರೆ, ತಳ್ತಾರೆ, ಅಷ್ಟೇ. ನೀವು ಹಿಡಿದು ತಡೀಬಹುದು. ಹೊಡೆದ್ರೆ ಅಲ್ಲಿಗೇ ಮುಗೀತು."

"ಮದುವೆಯಾದೋರು ನೇರ ಪಾಸು ಬಿಡಿ," ಎಂದ ಹಿಂದಿನ ಸಾಲಿನವನೊಬ್ಬ.

ಎಲ್ಲರೂ ನಕ್ಕರು. ಮುಂದೆ ಕೂತಿದ್ದ ದಾಂಡಿಗನೊಬ್ಬ ಮಾತ್ರ ನಗಲಿಲ್ಲ. ಅವನು ಬಾರಿನ ಬಾಗಿಲು ಕಾದವನು. ಹೆಂಡತಿ ಮಗಳನ್ನು ಕರೆದುಕೊಂಡು ತನ್ನ ಅಕ್ಕನ ಮನೆ ಸೇರಿದ್ದಳು. ಹೊಡೆದಾಟವಿಲ್ಲದ ಕೆಲಸ ಸಿಕ್ಕ ದಿನ ಬರುತ್ತೇನೆ ಎಂದಿದ್ದಳು.

ಅವನ ಸರದಿ ಬಂತು. ಆಸ್ಪತ್ರೆ ಕಳಿಸಿದ ತರಬೇತುದಾರ ಬೈದ, ಎದೆಗೆ ಕೈಯಿಟ್ಟು ತಳ್ಳಿದ. ದಾಂಡಿಗ ಕಂಬದಂತೆ ನಿಂತ.

"ಏನೋ, ಉಪ್ಪು ಖಾರ ತಿನ್ನಲ್ವಾ?" ಎಂದ ತರಬೇತುದಾರ, ಕೆನ್ನೆಗೆ ಬಾರಿಸಿದ.

"ಸಾರ್, ಏಟು ಹಾಕೋ ಹಾಗಿಲ್ಲ," ಎಂದಳು ಹೆಂಗಸು.

"ಕುಡಿದು ಬಂದೋನು ನಿಮ್ಮ ನಿಯಮ ಓದ್ತಾನೇನಮ್ಮ?"

ಮುಂದಿನ ಗುದ್ದು ಮೂಗಿಗೆ ಬಿತ್ತು. ರಕ್ತ ತುಟಿ ದಾಟಿ ಅಂಗಿಗೆ ಇಳಿಯಿತು. ದಾಂಡಿಗ ಅವನ ಮಣಿಕಟ್ಟು ಹಿಡಿದು ತಡೆದ, ಬಿಟ್ಟ. ತರಬೇತುದಾರ ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದ.

"ನಿಲ್ಸಿ!" ಹೆಂಗಸು ನಡುವೆ ಓಡಿ ಬಂದಳು. ತರಬೇತುದಾರನ ಮೊಣಕೈ ಬಡಿದು ಅವಳು ನೆಲಕ್ಕೆ ಬಿದ್ದಳು.

ದಾಂಡಿಗ ಹೊಡೆದ. ತರಬೇತುದಾರನ ದವಡೆ ಲಟಕ್ಕೆಂದಿತು, ಅವನು ಅಂಗಾತ ಬಿದ್ದ. ದಾಂಡಿಗ ಅವನ ಎದೆಯ ಮೇಲೆ ಕೂತು ಮತ್ತೆ ಹೊಡೆದ, ಮತ್ತೆ ಹೊಡೆದ. ಹಲ್ಲೊಂದು ಟೈಲ್ಸ್ ಮೇಲೆ ಜಾರಿ ಗೋಡೆ ಮುಟ್ಟಿತು. ನಾಲ್ವರು ಸೇರಿ ಅವನನ್ನು ಎಳೆದರು.

ಆಂಬುಲೆನ್ಸ್ ಹೋದ ಮೇಲೆ ಹೆಂಗಸು ಅವನ ಪಕ್ಕ ಕೂತಳು.

"ಅವನು ನಿಯಮ ಮುರಿದ. ಅದನ್ನ ಬರೆದೇ ಬರೀತೀನಿ."

"ಹಾಗಾದ್ರೆ ಪರೀಕ್ಷೆ ಇನ್ನೊಂದ್ಸಲ ಮಾಡ್ಸಿ ಅಕ್ಕ. ನಿಮ್ಮನ್ನ ಬೀಳಿಸಿದ್ನಲ್ಲ, ಅದಕ್ಕೇ..."

"ಮೊದಲನೇ ಏಟಿಗೆ ನಾನು ಜವಾಬು ಹೇಳ್ತೀನಪ್ಪ. ಬಿದ್ದೋನ ಮೇಲೆ ಕೂತು ಹೊಡೆದ್ಯಲ್ಲ, ಅದಕ್ಕೆ?"

ಅವನು ಮುಷ್ಟಿ ಬಿಚ್ಚಲು ನೋಡಿದ. ಬೆರಳುಗಳು ಊದಿ ಬಿಚ್ಚಲಿಲ್ಲ.

"ಹೊಡೀವಾಗ ಹಿತವಾಯ್ತು ಅಕ್ಕ," ಎಂದ. "ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ."

ಅವಳು ಹೊಡೆದುಹಾಕಿದಳು.