ಅವನ ಹೆಬ್ಬೆಟ್ಟು

ನಿಮ್ಮ ಮನೆಯ ಹೆಣ್ಣುಮಗಳ ಫೋನಿನಲ್ಲಿ ಯಾರ ಯಾರ ಬೆರಳಿನ ಗುರುತು ಸೇರಿದೆ ಎಂದು ಎಂದಾದರೂ ನೋಡಿದ್ದೀರಾ? ಅದರಲ್ಲಿ ನಿಮ್ಮದೂ ಇದ್ದರೆ, ಅದನ್ನು ಅಲ್ಲಿ ಇಡಲು ಅವಳ ಒಪ್ಪಿಗೆ ಕೇಳಿದ್ದಿರಾ?

ಸೌಮ್ಯಳನ್ನು ಯಾರೂ ಕೇಳಿರಲಿಲ್ಲ. ಕುಶಾಲನಗರದ ಮೊಬೈಲ್ ಅಂಗಡಿಯಲ್ಲಿ ಆ ಫೋನು ಕೊಂಡ ದಿನ ಅಂಗಡಿಯವನು ಅವಳ ಬೆರಳನ್ನು ಮೇಲಿಂದ ಮೇಲೆ ಒತ್ತಿಸಿದ. ಆಗ ಕಾಫಿ ಹಣ್ಣು ಕುಯ್ಯುವ ಕಾಲ. ಬೆಳಗಾದರೆ ಜೀಪು ಹತ್ತಿ ಚೆಟ್ಟಳ್ಳಿ ಕಡೆಯ ಎಸ್ಟೇಟಿಗೆ ಪಿಕ್ಕಿಂಗಿಗೆ ಹೋಗುತ್ತಿದ್ದ ಅವಳ ಬೆರಳ ತುದಿಗಳು ಹಣ್ಣಿನ ಅಂಟು ಹಿಡಿದು ಕಪ್ಪಾಗಿದ್ದವು, ಸವೆದು ಬಿರಿದಿದ್ದವು. ಫೋನು ಬಹಳ ಹೊತ್ತು ತಕರಾರು ಮಾಡಿ ಕೊನೆಗೂ ಒಂದು ಬೆರಳನ್ನು ಒಪ್ಪಿತು. ಅವಳ ಗಂಡ ನಂದೀಶ್ ಕೈ ಮುಂದೆ ಚಾಚಿ, "ಇವಳ ಬೆರಳು ನಂಬೋ ಹಾಗಿಲ್ಲ, ನಂದೂ ಒಂದು ಇರ್ಲಿ," ಎಂದು ತನ್ನ ಹೆಬ್ಬೆಟ್ಟನ್ನು ಒತ್ತಿದ. ಅಂಗಡಿಯವನು ನಕ್ಕ. ಸೌಮ್ಯಳೂ ನಕ್ಕಳು. ಬೆರಳು ಕೈಕೊಟ್ಟಾಗ ಒತ್ತಬೇಕಾದ ಗುಪ್ತಸಂಖ್ಯೆಯನ್ನು ಮಾತ್ರ ಅವಳೇ ಆರಿಸಿ ಒತ್ತಿದ್ದಳು. ಅದನ್ನು ತಿಳಿದುಕೊಳ್ಳುವ ಗೋಜಿಗೆ ನಂದೀಶ್ ಹೋಗಲಿಲ್ಲ. ಅವನಿಗೆ ಹೆಬ್ಬೆಟ್ಟು ಸಾಕಾಗಿತ್ತು.

ಪಿಕ್ಕಿಂಗಿನ ಹೆಂಗಸರಿಗೆ ಬೆರಳಿನ ಈ ತಾಪತ್ರಯ ಹೊಸದೇನಲ್ಲ. "ರೇಷನ್ ಅಂಗಡಿ ಮಿಷನ್ನಿಗೆ ನಾನು ಸತ್ತೇ ಹೋಗಿದೀನಿ ಕಣೆ. ನನ್ನ ಮೊಮ್ಮಗಳ ಬೆರಳಿಟ್ರೆ ಮಾತ್ರ ನಮ್ಮನೆಗೆ ಅಕ್ಕಿ," ಎಂದು ಜೀಪಿನಲ್ಲಿ ಪಕ್ಕ ಕೂರುವ ಜವರಿ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಯಾರೋ ನೆಟ್ಟು ಬೆಳೆಸಿದ ಗಿಡಗಳ ಹಣ್ಣು ಬಿಡಿಸಿ ಬಿಡಿಸಿ ತಮ್ಮ ಕೈಯ ಗುರುತನ್ನೇ ಕಳೆದುಕೊಂಡವರು ಅದನ್ನೂ ನಗೆಯ ಮಾತಾಗಿಸಿಕೊಂಡಿದ್ದರು.

ನಂದೀಶ್ ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ, ಜೀಪು ತಡವಾಗಿ ಬಂದರೆ, ಮಗಳು ಬೆಳ್ಳಿ ಅತ್ತರೆ ಹೊಡೆಯುತ್ತಿದ್ದ. ಮುಖಕ್ಕೆ ಕೈ ಹಾಕುತ್ತಿರಲಿಲ್ಲ. ನಾಲ್ಕು ಜನರಿಗೆ ಕಾಣುವ ಕಡೆ ಹೊಡೆಯಬಾರದೆಂಬ ತಿಳಿವಳಿಕೆ ಅವನಿಗಿತ್ತು. ಇಂಥ ತಿಳಿವಳಿಕೆಯನ್ನು ನಮ್ಮ ಸಮಾಜ ಮರ್ಯಾದೆ ಎಂದು ಕರೆದು ಕಾಪಾಡಿಕೊಂಡು ಬಂದಿದೆ.

ಮಡಿಕೇರಿಯ ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಯಮುನಾ ಎಂಬ ಆಪ್ತಸಮಾಲೋಚಕಿ ಇದ್ದರು. ಎಸ್ಟೇಟಿಗೆ ಒಮ್ಮೆ ಮಾತಾಡಲು ಬಂದಾಗ ಅವರು ಕೊಟ್ಟಿದ್ದ ನಂಬರನ್ನು ಸೌಮ್ಯ ಉಳಿಸಿಕೊಂಡಿದ್ದಳು. ಬಹಳ ದಿನ ಅಳುಕಿ, ಕೊನೆಗೆ ವಾಟ್ಸಾಪಿನಲ್ಲಿ ಅವರಿಗೆ ಬರೆದಳು. ಅವರು ಗದರಲಿಲ್ಲ, ಬುದ್ಧಿ ಹೇಳಲಿಲ್ಲ. ಗಾಯದ ಫೋಟೊ ಕಳಿಸಿ, ಆಮೇಲೆ ಗ್ಯಾಲರಿಯಿಂದ ಅಳಿಸಿಬಿಡಿ, ನಾನು ಕರೆ ಮಾಡುವುದಿಲ್ಲ, ಬರೆಯುತ್ತೇನೆ ಎಂದರು. ಬೆನ್ನಿನ ಮೇಲಿದ್ದ ಬಾಸುಂಡೆಯ ಫೋಟೊವನ್ನು ತಾನೇ ತೆಗೆಯಲು ಸೌಮ್ಯಳಿಗೆ ಆಗಲಿಲ್ಲ. ತೆಗೆದುಕೊಟ್ಟವಳು ನಂದೀಶನ ತಂಗಿ ಅನುಶ್ರೀ. ಡಿಗ್ರಿ ಓದುತ್ತಿದ್ದ ಆ ಹುಡುಗಿ ಬಾಸುಂಡೆ ನೋಡಿ ತುಟಿ ಕಚ್ಚಿಕೊಂಡಳು. ಚಾಟ್ ಲಾಕ್ ಮಾಡುವುದನ್ನು ಕಲಿಸಿಕೊಟ್ಟವಳೂ ಅವಳೇ.

ಅದು ರಜೆಯ ಒಂದು ಭಾನುವಾರ. ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ತೊಳೆದ ಕೈಯಲ್ಲಿ ಸೌಮ್ಯ ಫೋನು ಹಿಡಿದಿದ್ದಳು. ಅನುಶ್ರೀ ಹೇಳಿದಂತೆ ಯಮುನಾ ಅವರ ಚಾಟಿನ ಮೇಲೆ ಬೆರಳು ಒತ್ತಿ ಹಿಡಿದು, ಲಾಕ್ ಎಂಬುದನ್ನು ಆರಿಸಿದಳು. ಫೋನು ಬೆರಳು ಕೇಳಿತು. ಎರಡು ಸಲ ಒಲ್ಲೆನೆಂದು ಮೂರನೆಯ ಸಲ ಒಪ್ಪಿತು. ಪಟ್ಟಿಯಿಂದ ಆ ಹೆಸರು ಮಾಯವಾಯಿತು. ಪಟ್ಟಿಯನ್ನು ಕೆಳಕ್ಕೆ ಎಳೆದರೆ ಮಾತ್ರ, ಲಾಕ್ ಮಾಡಿದ ಚಾಟ್‌ಗಳು ಎಂಬ ಸಾಲೊಂದು ಮೇಲ್ಗಡೆ ಇಣುಕುತ್ತಿತ್ತು. ಅದನ್ನು ಮುಟ್ಟಿದರೆ ಮತ್ತೆ ಬೆರಳು ಕೇಳುತ್ತಿತ್ತು.

"ಇನ್ಮೇಲೆ ಇದು ನಿಮ್ಮ ಬೆರಳನ್ನೇ ಕೇಳೋದು ಅತ್ತಿಗೆ. ನೀವು ಬಿಟ್ರೆ ಯಾರಿಗೂ ತೆಗೆಯಲ್ಲ," ಎಂದಳು ಅನುಶ್ರೀ.

ಆ ಸಾಲೂ ಕಾಣದಂತೆ ಮಾಡಲು ಬೇರೊಂದು ಗುಟ್ಟಿನ ಪದ ಇಡಬಹುದು, ಹುಡುಕುವ ಜಾಗದಲ್ಲಿ ಆ ಪದ ಬರೆದರೆ ಮಾತ್ರ ಚಾಟ್ ಕಾಣುತ್ತದೆ ಎಂದೂ ಅವಳು ಹೇಳಿದ್ದಳು. ಪದ ಮರೆತರೆ ಲಾಕ್ ಮಾಡಿದ ಚಾಟ್‌ಗಳನ್ನೆಲ್ಲ ಅಳಿಸದೆ ಬೇರೆ ದಾರಿಯಿಲ್ಲ ಎಂದು ತಿಳಿದು ಸೌಮ್ಯ ಹಿಂಜರಿದಳು. ಅಳಿಸಿದರೆ ಫೋಟೊಗಳೂ ಹೋಗುತ್ತಿದ್ದವು. ಬೆರಳೇ ಇರಲಿ ಎಂದಳು. ಮರುದಿನದಿಂದ ಕೈ ಮತ್ತೆ ಕಪ್ಪಾಗಿ ಬೆರಳು ನಡೆಯದಾದಾಗ ಗುಪ್ತಸಂಖ್ಯೆ ಒತ್ತಿ ಚಾಟ್ ತೆರೆಯುತ್ತಿದ್ದಳು. ಆ ಸಂಖ್ಯೆ ಅವಳೊಬ್ಬಳಿಗೇ ಗೊತ್ತಿದ್ದುದರಿಂದ ನೆಮ್ಮದಿಯಾಗಿದ್ದಳು. ಯಮುನಾ ಅವರಿಗೂ ಹೆಮ್ಮೆಯಿಂದ ಬರೆದಳು: ಇದು ನನ್ನ ಬೆರಳಿಗೆ ಮಾತ್ರ ತೆರೆಯುತ್ತದೆ ಮೇಡಂ.

ತಪ್ಪು ಇದ್ದದ್ದು ಇಲ್ಲೇ. ಚಾಟಿನ ಬೀಗಕ್ಕೆ ತನ್ನದೇ ಆದ ಬೆರಳಿಲ್ಲ. ಫೋನು ಯಾರ ಯಾರ ಬೆರಳನ್ನು ಬಲ್ಲದೋ ಅವರೆಲ್ಲರಿಗೂ ಆ ಬೀಗ ತೆರೆದುಕೊಳ್ಳುತ್ತದೆ. ಒಡತಿ ಯಾರೆಂದು ಅದು ವಿಚಾರಿಸುವುದಿಲ್ಲ. ಓದಿದ ಅನುಶ್ರೀಗೂ ಇದು ಹೊಳೆಯಲಿಲ್ಲ, ಅಂಗಡಿಯಲ್ಲಿ ನಗುತ್ತ ನಿಂತಿದ್ದ ಸೌಮ್ಯಳಿಗೂ ಹೊಳೆಯಲಿಲ್ಲ.

ಸೌಮ್ಯ ಸೋಮವಾರ ಮನೆ ಬಿಟ್ಟು ಹೊರಡುವುದೆಂದು ಆ ಚಾಟಿನಲ್ಲೇ ತೀರ್ಮಾನವಾಯಿತು. ಬೆಳ್ಳಿಯನ್ನು ಜೊತೆಗೆ ಜೀಪಿನಲ್ಲಿ ಕರೆತರಬೇಕು, ಚೆಟ್ಟಳ್ಳಿಯಲ್ಲಿ ಇಳಿದ ಕಡೆ ಯಮುನಾ ಕಾರಿನೊಂದಿಗೆ ಕಾದಿರುತ್ತಾರೆ, ತಾಯಿ ಮಗಳಿಬ್ಬರಿಗೂ ಇರಲು ಜಾಗ ಸಿದ್ಧವಾಗಿದೆ. ಅದಕ್ಕೆ ಎರಡು ದಿನ ಮುಂಚೆ, ಶನಿವಾರ ಸಂಜೆ, ಸೌಮ್ಯ ಬಚ್ಚಲಲ್ಲಿ ಮಗಳಿಗೆ ನೀರು ಹಾಕುತ್ತಿದ್ದಾಗ ಚಾರ್ಜಿಗಿಟ್ಟ ಫೋನು ಸದ್ದು ಮಾಡಿತು. ಪರದೆಯ ಮೇಲೆ ಕಳಿಸಿದವರ ಹೆಸರಿರಲಿಲ್ಲ, ಮಾತಿರಲಿಲ್ಲ. ಒಂದು ಹೊಸ ಸಂದೇಶ ಎಂದಷ್ಟೇ ಇತ್ತು. ಲಾಕ್ ಮಾಡಿದ ಚಾಟಿನ ರೀತಿಯೇ ಅದು. ಹೆಸರನ್ನು ಮುಚ್ಚಿದ ಆ ಎಚ್ಚರಿಕೆಯೇ ನಂದೀಶನ ಕಣ್ಣು ಸೆಳೆಯಿತು. ವಾಟ್ಸಾಪ್ ತೆರೆದು ನೋಡಿದ. ಹೊಸ ಸಂದೇಶ ಎಲ್ಲೂ ಕಾಣಲಿಲ್ಲ. ಬಂದಿದೆ ಎನ್ನುತ್ತದೆ, ಇಲ್ಲ. ಪಟ್ಟಿಯನ್ನು ಕೆಳಕ್ಕೆ ಎಳೆದ. ಸಾಲು ಇಣುಕಿತು. ಮುಟ್ಟಿದ. ಬೆರಳು ಕೇಳಿತು. ಎಂದಿನ ಅಭ್ಯಾಸದಂತೆ ಹೆಬ್ಬೆಟ್ಟು ಇಟ್ಟ.

ಅವಳ ಬೆರಳಿಗೆ ಮೂರು ಸಲ ಬೇಡಿಸಿಕೊಂಡ ಬೀಗ ಅವನ ಹೆಬ್ಬೆಟ್ಟಿಗೆ ಒಂದೇ ಸಲಕ್ಕೆ ತೆರೆಯಿತು.

ಅವನು ಅಂದು ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ತನ್ನ ದೊಡ್ಡಪ್ಪ ಸಣ್ಣಸ್ವಾಮಿಯವರನ್ನೂ ಇನ್ನಿಬ್ಬರು ಹಿರಿಯರನ್ನೂ ಜಗಲಿಗೆ ಕರೆಸಿದ. ಸಣ್ಣಸ್ವಾಮಿ ನ್ಯಾಯವಂತರೆಂದು ಹೆಸರಾದವರು. ಸೌಮ್ಯಳ ಎದೆಯಲ್ಲಿ ಸಣ್ಣದೊಂದು ಆಸೆ ಮೂಡಿದ್ದೂ ಅದಕ್ಕೇ. ನಂದೀಶ್ ಫೋನನ್ನು ಎಲ್ಲರ ಮುಂದೆ ಹಿಡಿದು, ಪಟ್ಟಿಯಲ್ಲಿ ಏನೂ ಇಲ್ಲದ್ದನ್ನು ತೋರಿಸಿದ. ಕೆಳಕ್ಕೆ ಎಳೆದು ಸಾಲನ್ನು ತೋರಿಸಿದ. ಹೆಬ್ಬೆಟ್ಟು ಇಟ್ಟು ತೆರೆದು ತೋರಿಸಿದ. ಜಾತ್ರೆಯ ಜಾದೂ ನೋಡಿದಂತೆ ಹಿರಿಯರು ಬಗ್ಗಿ ನೋಡಿದರು.

ಅವನ ತಾಯಿ ಕಾಳಮ್ಮ ಬಾಗಿಲಿಗೆ ಒರಗಿಕೊಂಡು, "ಬೀಗ ಹಾಕೋದು ಕಾಸಿರೋರು, ಇಲ್ಲಾ ಕದ್ದಿರೋರು. ಇವಳ ಹತ್ರ ಕಾಸು ಎಲ್ಲೈತೆ?" ಎಂದಳು. ಹಿರಿಯರೊಬ್ಬರು ಕಿಸಕ್ಕನೆ ನಕ್ಕರು.

ಸಣ್ಣಸ್ವಾಮಿ ಮೆಲುದನಿಯಲ್ಲೇ ಕೇಳಿದರು. "ತಪ್ಪಿಲ್ದಿದ್ರೆ ಬೀಗ ಯಾಕೆ ತಾಯಿ ಹಾಕ್ದೆ?"

"ಒಳಗಿರೋ ಫೋಟೊ ನೋಡಿ ದೊಡ್ಮಾವ," ಎಂದಳು ಸೌಮ್ಯ. "ನೋಡಿ, ಆಮೇಲೆ ಕೇಳಿ."

ನಂದೀಶ್ ತಡೆಯಲಿಲ್ಲ. ಫೋನನ್ನು ಅವರತ್ತ ಚಾಚಿಯೇ ಇದ್ದ. ಅವರ ಸ್ವಭಾವವನ್ನು ಅವನು ಬಲ್ಲವನಾಗಿದ್ದ. ಸಣ್ಣಸ್ವಾಮಿ ಮುಖ ಪಕ್ಕಕ್ಕೆ ತಿರುಗಿಸಿದರು. "ಮನೆ ಸೊಸೆ ಬೆನ್ನು ನಾನು ನೋಡೋದಾ? ಅದನ್ನ ಊರೋರಿಗೆಲ್ಲ ಕಳ್ಸಿದೀಯಲ್ಲ, ಅದು ಸರಿನಾ?"

ಎಂಥ ಸಭ್ಯತೆ ನೋಡಿ. ಬೆನ್ನಿನ ಮೇಲೆ ಬಾಸುಂಡೆ ಮೂಡಿಸಿದ ಕೈಯನ್ನು ಆ ಕಣ್ಣು ದಿಟ್ಟಿಸಿ ನೋಡಬಲ್ಲದಾಗಿತ್ತು. ಬಾಸುಂಡೆಯನ್ನು ನೋಡುವುದು ಮಾತ್ರ ಅಸಭ್ಯವಾಯಿತು. ಹೊಡೆತದ ಮಾತು ಆ ಜಗಲಿಯಲ್ಲಿ ಮತ್ತೆ ಬರಲಿಲ್ಲ. ವಿಚಾರಣೆ ನಡೆದದ್ದು ಬೀಗದ್ದು.

ಫೋಟೊ ತೆಗೆದವರು ಯಾರು ಎಂಬ ಪ್ರಶ್ನೆಯೂ ಬಂತು. ಸೌಮ್ಯ ಹೆಸರು ಹೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅನುಶ್ರೀಯ ಕಡೆ ಒಮ್ಮೆ ನೋಡಿದಳು. ನಾನೇ ತೆಗೆದೆ, ನಾನು ಕಣ್ಣಾರೆ ಕಂಡೆ ಎಂಬ ಒಂದು ಮಾತು ಆ ಹುಡುಗಿಯ ಬಾಯಿಂದ ಬಂದಿದ್ದರೆ ಸಾಕಿತ್ತು. ಅನುಶ್ರೀ ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆ ಇಳಿಸಿದಳು.

ಸ್ಮಾರ್ಟ್ ಫೋನು ಗಂಡನ ಬಳಿ ಇರಬೇಕು, ಸೌಮ್ಯ ಪಿಕ್ಕಿಂಗಿಗೆ ಹೋಗುವುದು ಬೇಡ, ಅತ್ತೆಯ ಕಾಲಿಗೆ ಬೀಳಬೇಕು ಎಂದು ತೀರ್ಮಾನವಾಯಿತು. ಕಾಫಿ ಕುಡಿದು ಹಿರಿಯರು ಎದ್ದರು. ಅವರು ಗೇಟು ದಾಟಿದ ಮೇಲೆ ನಂದೀಶ್ ಅವಳೆದುರೇ ಕುಳಿತು, ಅವಳ ಹೆಸರಿನಲ್ಲಿ, ಅವಳದೇ ಚಾಟಿನಲ್ಲಿ ಬರೆದ. ಬರೆದದ್ದನ್ನು ಓದಿಯೂ ಹೇಳಿದ.

"ಮೇಡಂ, ಮನೇಲಿ ಎಲ್ಲ ಸರಿಹೋಯ್ತು. ನಮ್ಮೋರು ಕ್ಷಮೆ ಕೇಳಿದ್ರು. ನಾಳೆ ಬರಬೇಡಿ."

ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು. ಅದನ್ನೂ ಅವನು ಓದಿದ. ಇದನ್ನು ನೀವೇ ಬರೆಯುತ್ತಿದ್ದೀರಾ ಸೌಮ್ಯ ಎಂದು ಯಮುನಾ ಕೇಳಿದ್ದರು. ಅವನು ಚಾಟನ್ನು ಹಿಂದಕ್ಕೆ ಸರಿಸುತ್ತ ಹೋಗಿ, ಅವಳ ಹಳೆಯ ಮಾತೊಂದನ್ನು ಹುಡುಕಿ ಹಾಗೆಯೇ ಬರೆದ: ಇದು ನನ್ನ ಬೆರಳಿಗೆ ಮಾತ್ರ ತೆರೆಯುತ್ತದೆ ಮೇಡಂ.

ಯಮುನಾ ನಂಬಿದರು. ಬೀಗವನ್ನು ನಂಬಿದರು. ಸಂತೋಷ, ಯಾವಾಗ ಬೇಕಾದರೂ ಬರೆಯಿರಿ ಎಂದರು.

ಆಮೇಲೆ ನಂದೀಶ್ ತಂಗಿಯನ್ನು ಕರೆದು, ಆ ಸಾಲೂ ಕಾಣದ ಹಾಗೆ ಮಾಡಬಹುದಂತಲ್ಲ, ಮಾಡಿಕೊಡು ಎಂದ. ಅನುಶ್ರೀ ಅಣ್ಣನ ಪಕ್ಕ ಕುಳಿತಳು. ಅವನು ಹೆಬ್ಬೆಟ್ಟು ಇಟ್ಟ, ಅವನು ಕಿವಿಯಲ್ಲಿ ಹೇಳಿದ ಗುಟ್ಟಿನ ಪದವನ್ನು ಅವಳು ಬರೆದಳು. ಪಟ್ಟಿಯನ್ನು ಕೆಳಕ್ಕೆ ಎಳೆದು ನೋಡಿದರು. ಈಗ ಏನೂ ಇಣುಕಲಿಲ್ಲ. ಸೌಮ್ಯ ಹಿಂಜರಿದು ಬಿಟ್ಟಿದ್ದ ಕೆಲಸ ಪೂರ್ಣವಾಯಿತು. ಅವಳ ಬೆನ್ನಿನ ಬಾಸುಂಡೆ, ಅವಳು ಬರೆದ ಪ್ರತಿಯೊಂದು ಮಾತು, ಅವಳು ಹೊರಡಬೇಕಿದ್ದ ಸೋಮವಾರ, ಎಲ್ಲವೂ ಅವಳೊಬ್ಬಳಿಗೆ ತಿಳಿಯದ ಪದವೊಂದರ ಹಿಂದೆ ಸೇರಿಹೋದವು.

"ಚೆನ್ನಾಗದೆ ಬಿಡು ಈ ಬೀಗ," ಎಂದ ನಂದೀಶ್.

ಸೋಮವಾರ ಜೀಪು ಬಂದು, ಹಾರ್ನ್ ಹೊಡೆದು, ಹೋಯಿತು. ಜವರಿಯ ಪಕ್ಕದ ಜಾಗದಲ್ಲಿ ಇನ್ಯಾರೋ ಕುಳಿತರು. ವಾರಗಳು ಉರುಳಿದವು. ನಂದೀಶ್ ಆಗಾಗ ಮಡಿಕೇರಿಗೆ ಬರೆಯುತ್ತಾನೆ: ಚೆನ್ನಾಗಿದ್ದೇನೆ ಮೇಡಂ. ಹೊಡೆದ ದಿನ ತಪ್ಪದೆ ಬರೆಯುತ್ತಾನೆ. ಮನೆಯಲ್ಲೇ ಕುಳಿತ ಸೌಮ್ಯಳ ಬೆರಳುಗಳಿಂದ ಕಾಫಿಯ ಕಪ್ಪು ಇಳಿದಿದೆ, ಬಿರುಕು ಮಾಯ್ದಿದೆ, ಹೊಸ ಚರ್ಮದ ಮೇಲೆ ಗೆರೆಗಳು ಒಂದೊಂದಾಗಿ ಎದ್ದು ಕಾಣುತ್ತಿವೆ. ಈಗ ಇಟ್ಟರೆ ಯಾವ ಫೋನಾದರೂ ಮೊದಲ ಸಲಕ್ಕೇ ಅವಳ ಗುರುತು ಹಿಡಿದೀತು. ಇಡಲು ಅವಳ ಬಳಿ ಫೋನಿಲ್ಲ.

ಓದಿದವರೇ, ಇಂದೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹೆಣ್ಣುಮಗಳ ಫೋನಿನಲ್ಲಿ ನಿಮ್ಮ ಬೆರಳಿದ್ದರೆ ಅವಳ ಕೈಯಿಂದಲೇ ಅದನ್ನು ಅಳಿಸಿಸಿ. ಬಹಳ ದಿನ ಅತ್ತು ಬರೆದ ಹೆಣ್ಣೊಬ್ಬಳಿಂದ ಇದ್ದಕ್ಕಿದ್ದಂತೆ ಚೆನ್ನಾಗಿದ್ದೇನೆ ಎಂದು ಬರೆದು ಬಂದರೆ, ದಯವಿಟ್ಟು ಆ ಅಕ್ಷರವನ್ನು ನಂಬಿ ಸುಮ್ಮನಾಗಬೇಡಿ. ಎದ್ದು ಹೋಗಿ, ಬಾಗಿಲು ತಟ್ಟಿ, ಅವಳ ಮುಖ ನೋಡಿ ಕೇಳಿ.